ಪ್ರಾಜೆಕ್ಟ್ ಸಲ್ಲಿಸಲು ಮೇ 27ರವರೆಗೆ ಸಮಯ ಕೊಡಿ ಮೇಡಂ

ಮೇಡಂ, ನಮಸ್ತೆ.

ನನ್ನ ಎಂ.ಎ. ಪ್ರಾಜೆಕ್ಟ್ ಮೇ 15ಕ್ಕೆ ಕೊಡಬೇಕು. ನನಗೆ ಮೇ 27ರವರೆಗೆ ಸಮಯ ಬೇಕು, 12 ದಿನ ಜಾಸ್ತಿ. ಮೂರನೇ ಅಧ್ಯಾಯದ ಕೋಷ್ಟಕ ತಪ್ಪಾಗಿದೆ, ಅದನ್ನು ನಂಬಿ ಬರೆದ ತೀರ್ಮಾನವೂ ತಪ್ಪು. ಗೊತ್ತಿದ್ದೂ ಅದನ್ನೇ ಬೈಂಡ್ ಮಾಡಿಸಿ ನಿಮ್ಮ ಕೈಗೆ ಕೊಡಲು ಮನಸ್ಸು ಬರುತ್ತಿಲ್ಲ.

ನಿನ್ನೆ ರಾತ್ರಿ ಇದೇ ವಿಷಯಕ್ಕೆ ಎರಡೂವರೆ ಪುಟದ ಪತ್ರ ಬರೆದಿದ್ದೆ. ಕಳಿಸಲಿಲ್ಲ. ಮಾರ್ಚ್‌ನಲ್ಲಿ ಬಂದ ಜ್ವರ, ಅಕ್ಕನ ಮದುವೆ, ಊರಲ್ಲಿ ಬೋರ್‌ವೆಲ್ ಮೋಟರ್ ಸುಟ್ಟು ಅಪ್ಪನ ಜೊತೆ ಓಡಾಡಿದ್ದು, ಲ್ಯಾಪ್‌ಟಾಪ್ ರಿಪೇರಿ, ಬಸ್ಸು ಸಿಗದ ದಿನಗಳು, ಎಲ್ಲ ಅದರಲ್ಲಿತ್ತು. ಒಂದೂ ಸುಳ್ಳಲ್ಲ. ಆದರೆ ಬೆಳಿಗ್ಗೆ ಎದ್ದು ಓದಿದಾಗ ಎಷ್ಟು ದಿನ ಬೇಕು ಅನ್ನೋದೇ ಅದರಲ್ಲಿ ಇರಲಿಲ್ಲ. ಜ್ವರ ಇದ್ದಿದ್ದು ನಾಲ್ಕು ದಿನ, ಮದುವೆಗೆ ಹೋಗಿದ್ದು ಮೂರು ದಿನ. ಕೋಷ್ಟಕ ತಪ್ಪಾಗಿದ್ದಕ್ಕೂ ಇವಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಅದನ್ನೆಲ್ಲ ತೆಗೆದು ಹೊಸದಾಗಿ ಬರೆಯುತ್ತಿದ್ದೇನೆ. ಏನು ಮುಗಿದಿದೆ, ಏನು ಉಳಿದಿದೆ, ಯಾಕೆ ಉಳಿದಿದೆ ಅಂತ ಬರೆದು ಕೊಟ್ಟರೆ ಮಾತ್ರ ಮಾತಾಡೋಣ ಅಂತ ನೀವು ಕ್ಲಾಸಿನಲ್ಲಿ ಹೇಳಿದ್ದು ನೆನಪಿದೆ. ಆದ್ದರಿಂದ ಪತ್ರ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ತಪ್ಪು ಏನಾಯಿತು ಅಂತ ಹೇಳುತ್ತೇನೆ.

ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಿಂದ ಕೋಲಾರ ತಾಲ್ಲೂಕಿನ ಕೆರೆಗಳಿಗೆ ಸಂಬಂಧಪಟ್ಟ 31 ಶಾಸನ ಆರಿಸಿಕೊಂಡಿದ್ದೆ. ಅದರಲ್ಲಿ 20 ಕನ್ನಡದವು, 11 ತಮಿಳಿನವು. ದತ್ತಿ ಯಾವ ಕೆಲಸಕ್ಕೆ ಕೊಟ್ಟಿದ್ದು ಅನ್ನೋದೇ ನನ್ನ ಪ್ರಶ್ನೆ. ಕೆರೆ ಕಟ್ಟಿಸೋದಕ್ಕಾ, ಏರಿ ಭದ್ರ ಮಾಡೋದಕ್ಕಾ, ತೂಬು ಇಡಿಸೋದಕ್ಕಾ, ಕೋಡಿಗಾ, ಇಲ್ಲ ವರ್ಷವರ್ಷದ ನಿರ್ವಹಣೆಗಾ? ಶಾಸನಗಳ ರೋಮನ್ ಪಾಠವನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿಕೊಂಡು, kere, eri, tumbu ಅಂತ ಒಂದೊಂದೇ ಪದ ಹುಡುಕಿ ಎಣಿಸಿದೆ. ಏರಿ 9 ಕಡೆ ಸಿಕ್ಕಿತು, ತೂಬು 7 ಕಡೆ. ಕೋಲಾರ ಸೀಮೆಯಲ್ಲಿ ಏರಿಯ ಕೆಲಸಕ್ಕೇ ಜಾಸ್ತಿ ದತ್ತಿ ಬಿಟ್ಟಿದ್ದಾರೆ ಅಂತ 61ನೇ ಪುಟದಲ್ಲಿ ಬರೆದುಬಿಟ್ಟೆ. ಕೊನೆಯ ಅಧ್ಯಾಯದಲ್ಲೂ ಅದನ್ನೇ ಎತ್ತಿ ಹಿಡಿದಿದ್ದೇನೆ.

ಕಳೆದ ಶನಿವಾರ ಕೊನೆಯ ಸಲ ಫೋಟೋ ತೆಗೆಯಲು ಹೋಗಿದ್ದೆ. ಕೆರೆ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, ಅವರ ತಂದೆ ಆ ಊರಿನ ನೀರುಗಂಟಿ ಆಗಿದ್ದರಂತೆ. ಅವರ ಸೊಸೆ ಹೊಸೂರು ಕಡೆಯವರು. ನಾನು ಏರಿ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದಾಗ ಆಕೆ ಬಟ್ಟೆ ಒಗೆಯುತ್ತಾ ಇನ್ನೊಬ್ಬರಿಗೆ ತಮಿಳಿನಲ್ಲಿ ಏನೋ ಹೇಳುತ್ತಿದ್ದರು. ಅದರಲ್ಲಿ "ಏರಿ" ಅನ್ನೋ ಪದ ಮೂರ್ನಾಲ್ಕು ಸಲ ಬಂತು, ಪ್ರತಿ ಸಲವೂ ಕೈ ತೋರಿಸಿದ್ದು ನೀರಿನ ಕಡೆ. ನಾನು ಕಾಲಕೆಳಗಿನ ಮಣ್ಣು ತೋರಿಸಿ ಇದಕ್ಕೆ ತಮಿಳಲ್ಲಿ ಏನಂತೀರಿ ಅಂತ ಕೇಳಿದೆ. "ಅದು ಕರೈ. ಏರಿ ಅಂದ್ರೆ ಕೆರೆ ಅಲ್ವಾ" ಅಂದರು. ಅಲ್ಲೇ ಕೂತು ಬ್ಯಾಗಿನಿಂದ ಕೋಷ್ಟಕ ತೆಗೆದು ನೋಡಿದೆ. ಕೈ ನಡುಗಿತು ಮೇಡಂ.

ಕನ್ನಡದಲ್ಲಿ ಏರಿ ಅಂದರೆ ಕಟ್ಟೆ, ತಮಿಳಿನಲ್ಲಿ ಏರಿ ಅಂದರೆ ಇಡೀ ಕೆರೆ. ನನ್ನ 9ರಲ್ಲಿ 5 ತಮಿಳು ಶಾಸನದವು. ಅದರಲ್ಲಿ ನಾಲ್ಕು ಕಡೆ ಸುಮ್ನೆ ಕೆರೆಯ ಹೆಸರು ಬಂದಿದೆ, ಅಷ್ಟೇ. ಐದನೆಯದು ಆ ಪದವೇ ಅಲ್ಲ. "ಪೆರಿಯ" ಅಂದರೆ ದೊಡ್ಡ, ಅದನ್ನು ರೋಮನ್‌ನಲ್ಲಿ periya ಅಂತ ಬರೆದರೆ ಒಳಗೆ eri ಇರುತ್ತದೆ, ಹುಡುಕಿದಾಗ ಅದೂ ಎಣಿಕೆಗೆ ಸೇರಿಕೊಂಡಿದೆ. ಇವನ್ನು ತೆಗೆದರೆ ಏರಿ ಉಳಿಯೋದು 4. ಆಗ ತೂಬೇ ಮುಂದೆ. ಹಾಗಂತ ಈಗ ಉಲ್ಟಾ ಬರೆದುಬಿಟ್ಟರೆ ಅದೂ ತಪ್ಪಾಗಬಹುದು. ಯಾಕಂದರೆ "ಕರೈ" ಅನ್ನೋ ಪದವನ್ನು ನಾನು ಹುಡುಕಿಯೇ ಇಲ್ಲ. ತಮಿಳು ಶಾಸನಗಳಲ್ಲಿ ಏರಿಯ ದುರಸ್ತಿ ಆ ಹೆಸರಿನಲ್ಲಿ ಇದ್ದರೂ ಇರಬಹುದು. 11 ಶಾಸನವನ್ನೂ ಮೊದಲ ಸಾಲಿನಿಂದ ಕೊನೆಯವರೆಗೆ ಓದಿಸದೆ ಬೇರೆ ದಾರಿಯಿಲ್ಲ.

ಇದು ನನ್ನದೇ ತಪ್ಪು. ತಮಿಳಿನವನ್ನು ತಮಿಳು ಬಲ್ಲವರ ಕೈಲಿ ಓದಿಸಿ ಅಂತ ನೀವು ಜನವರಿಯಲ್ಲೇ ಹೇಳಿದ್ದಿರಿ. ಚೋಳರ ಕಾಲದ ತಮಿಳು ಶಾಸನ ಕೋಲಾರದಲ್ಲಿ ಎಷ್ಟಿವೆ ಅಂತ ತಿಳಿಯಲು ಕೋಲಾರಮ್ಮನ ಗುಡಿ ನೋಡಿದರೆ ಸಾಕು ಅಂತಲೂ ಹೇಳಿದ್ದಿರಿ. ನಾನು ಫೆಬ್ರವರಿ, ಮಾರ್ಚ್ ಪೂರ್ತಿ ಕಲ್ಲು ಹುಡುಕುತ್ತಾ ಊರೂರು ತಿರುಗಿದೆ, ಓದಿಸುವ ಕೆಲಸ ಆಮೇಲೆ ಮಾಡಿದರಾಯಿತು ಅಂದುಕೊಂಡೆ, ಕೊನೆಗೆ ಮಾಡಲೇ ಇಲ್ಲ. ರೈಸ್ ಅವರ ಇಂಗ್ಲಿಷ್ ಅನುವಾದ ಅದೇ ಸಂಪುಟದಲ್ಲಿತ್ತು. ಅದನ್ನಾದರೂ ಹೋಲಿಸಿ ನೋಡಿದ್ದರೆ ಆ ನಾಲ್ಕು ಕಡೆ ಟ್ಯಾಂಕ್ ಅಂತಲೇ ಇರೋದು ಕಾಣುತ್ತಿತ್ತು. ಅದೂ ಆಗಲಿಲ್ಲ. ನಿಮ್ಮ ಮಾತು ಕೇಳದೇ ಇದ್ದಿದ್ದಕ್ಕೆ ಕ್ಷಮೆ ಇರಲಿ.

ಈಗ ಮುಗಿದಿರೋದು. ಒಂದು, ಎರಡು, ನಾಲ್ಕನೇ ಅಧ್ಯಾಯ ಪೂರ್ತಿ ಆಗಿವೆ, ಎರಡನೆಯದರಲ್ಲಿ ನೀವು ಗುರುತು ಮಾಡಿಕೊಟ್ಟ ತಿದ್ದುಪಡಿಗಳೂ ಆಗಿವೆ. ನಕ್ಷೆ, ಫೋಟೋ ತಯಾರಿದೆ. ಮೂರನೇ ಅಧ್ಯಾಯದಲ್ಲೂ ಕೆರೆ ಕೆಲಸಕ್ಕೆ ಬಿಡುತ್ತಿದ್ದ ಬಿತ್ತುವಟ್ಟ, ದಸವಂದ ಅನ್ನೋ ದತ್ತಿಗಳ ಬಗ್ಗೆ ಬರೆದ ಭಾಗ ಹಾಗೇ ಉಳಿಯುತ್ತದೆ, ಅದು ಕನ್ನಡ ಶಾಸನಗಳ ಮೇಲೆ ನಿಂತಿದೆ. ಬದಲಾಗೋದು ಕೋಷ್ಟಕ, ಅದರ ನಂತರದ 14 ಪುಟ, ಮತ್ತು ಐದನೇ ಅಧ್ಯಾಯದ ಎರಡು ಪ್ಯಾರಾ.

ಒಂದು ವಿಷಯ ಖುಷಿಯಿಂದ ಹೇಳಬೇಕು. ನನ್ನ ಪಟ್ಟಿಯ 6ನೇ ಕಲ್ಲಿನ ಅಚ್ಚಾದ ಪಾಠದಲ್ಲಿ ಕೊನೆಯ ಸಾಲು ಸವೆದಿದೆ ಅಂತ ಬರೀ ಚುಕ್ಕಿಗಳಿವೆ. ಕಲ್ಲು ತೊಳೆದು, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿದರೆ ನೆರಳಿನಲ್ಲಿ ಅಕ್ಷರ ಮೇಲೇಳುತ್ತವೆ. "ಬಿತ್ತುವ" ಅಂತ ನನ್ನ ಕಣ್ಣಿಗೆ ಕಂಡಿತು, ಮುಂದಿನದು ಒಡೆದಿದೆ. ಮೂರು ಕಡೆಯಿಂದ ಬೆಳಕು ಹಿಡಿದು ತೆಗೆದ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ. ನೀವು ನೋಡಿ ಹೌದು ಅಂದರೆ ಮಾತ್ರ ಸೇರಿಸುತ್ತೇನೆ. ಇಲ್ಲವಾದರೆ ಚುಕ್ಕಿಗಳೇ ಇರಲಿ.

ಇನ್ನೊಂದು ಕಲ್ಲು ನೋಡಲು ಆಗಿಲ್ಲ. ಅದು ತೂಬಿನ ಹತ್ತಿರ ಕೆರೆಯೊಳಗೇ ಇದೆ ಅಂತ ಊರವರು ಹೇಳುತ್ತಾರೆ. ಬೆಂಗಳೂರಿನಿಂದ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಬರಲು ಶುರುವಾದ ಮೇಲೆ ಆ ಕೆರೆ ಬೇಸಿಗೆಯಲ್ಲೂ ಬತ್ತಿಲ್ಲವಂತೆ. ಹಳೇ ಪತ್ರದಲ್ಲಿ ಇದನ್ನೂ ಒಂದು ಕಾರಣ ಅಂತ ಬರೆದಿದ್ದೆ. ನೀರು ಇಳಿಯಲಿ ಅಂತ ಕಾದರೆ ಪ್ರಾಜೆಕ್ಟ್ ಮುಗಿಯೋದೇ ಇಲ್ಲ, ಅದಕ್ಕಾಗಿ ನಾನು ಸಮಯ ಕೇಳುತ್ತಿಲ್ಲ. ಕಲ್ಲನ್ನು ನೋಡಿಲ್ಲ, ಅಚ್ಚಾದ ಪಾಠ ಬಳಸಿದ್ದೇನೆ ಅಂತ ಅದೇ ಪುಟದಲ್ಲಿ ಬರೆಯುತ್ತೇನೆ.

12 ದಿನವೇ ಯಾಕೆ ಅಂದರೆ, ತಮಿಳು ಓದಿ ಹೇಳಲು ಒಪ್ಪಿರುವ ಸಂಶೋಧನಾ ವಿದ್ಯಾರ್ಥಿಗೆ 15ರವರೆಗೆ ಅವರದೇ ಪರೀಕ್ಷೆ ಇದೆ. 16ರಿಂದ ದಿನಾ ಸಂಜೆ ಎರಡು ಗಂಟೆ ಕೂರುತ್ತೇನೆ ಅಂದಿದ್ದಾರೆ. ದಿನಕ್ಕೆ ಎರಡು ಮೂರು ಶಾಸನ ಅಂದರೆ 20ಕ್ಕೆ 11ನ್ನೂ ಓದಿ ಆಗುತ್ತದೆ. ಓದಿದ್ದನ್ನು ಅವತ್ತವತ್ತೇ ಕೋಷ್ಟಕಕ್ಕೆ ಹಾಕುತ್ತಾ ಹೋಗುತ್ತೇನೆ, ಈ ಸಲ ಹುಡುಕಿ ಎಣಿಸುವುದಿಲ್ಲ, ಪ್ರತಿ ಶಾಸನದ ಮುಂದೆ ಸಾಲಿನ ಸಂಖ್ಯೆ ಬರೆದೇ ಸೇರಿಸುತ್ತೇನೆ. 20 ಕನ್ನಡ ಶಾಸನಗಳನ್ನೂ ಹಾಗೇ ಇನ್ನೊಮ್ಮೆ ನೋಡಬೇಕು, ಅದನ್ನು ನಾಳೆಯಿಂದಲೇ ಶುರು ಮಾಡುತ್ತೇನೆ, 15ರೊಳಗೆ ಮುಗಿಯುತ್ತದೆ. 21ರಿಂದ 25ರವರೆಗೆ ಬರವಣಿಗೆ. 26ಕ್ಕೆ ಪ್ರಿಂಟ್ ಮತ್ತು ಬೈಂಡಿಂಗ್. 27ಕ್ಕೆ ಬೆಳಿಗ್ಗೆ ನಿಮ್ಮ ಕೋಣೆಗೆ ತಂದು ಕೊಡುತ್ತೇನೆ.

ವಿಭಾಗದಿಂದ ಪರೀಕ್ಷಾ ವಿಭಾಗಕ್ಕೆ ಪ್ರಾಜೆಕ್ಟ್‌ಗಳು ಜೂನ್ 5ಕ್ಕೆ ಹೋಗುತ್ತವೆ ಅಂತ ನೋಟಿಸ್ ಬೋರ್ಡಿನಲ್ಲಿದೆ. 27ಕ್ಕೆ ಕೊಟ್ಟರೆ ನಿಮಗೆ ಓದಲು ಎಂಟೊಂಬತ್ತು ದಿನ ಸಿಗುತ್ತದೆ. ಉಳಿದವರದನ್ನೂ ನೀವೇ ನೋಡಬೇಕು, ಒಟ್ಟಿಗೆ ಕೊಟ್ಟರೆ ಕಷ್ಟ ಅಂತ ಗೊತ್ತು. ಅದಕ್ಕೇ ಬದಲಾಗದ ಮೂರು ಅಧ್ಯಾಯಗಳನ್ನು 15ಕ್ಕೇ ಕೊಟ್ಟುಬಿಡುತ್ತೇನೆ. ಆಮೇಲೆ ನಿಮಗೆ ಹೊಸದಾಗಿ ಓದಲು ಉಳಿಯೋದು ಮೂರನೆಯದು ಮತ್ತು ಚಿಕ್ಕ ಕೊನೆಯ ಅಧ್ಯಾಯ ಮಾತ್ರ. ತಡವಾಗಿದ್ದಕ್ಕೆ ಅಂಕ ಕಳೆಯುವ ನಿಯಮ ಇದ್ದರೆ ಕಳೆಯಿರಿ ಮೇಡಂ, ಅದಕ್ಕೆ ನಾನು ಏನೂ ಹೇಳುವುದಿಲ್ಲ.

12 ದಿನ ಆಗುವುದೇ ಇಲ್ಲ ಅಂದರೆ 15ಕ್ಕೇ ಕೊಡುತ್ತೇನೆ. ಆಗ ಕೋಷ್ಟಕದಿಂದ 11 ತಮಿಳು ಶಾಸನಗಳನ್ನು ಪೂರ್ತಿ ತೆಗೆದು, 20 ಕನ್ನಡ ಶಾಸನಗಳ ಮೇಲೆ ಮಾತ್ರ ಬರೆದು, ಯಾಕೆ ತೆಗೆದೆ ಅಂತ ಮುನ್ನುಡಿಯಲ್ಲಿ ಹೇಳುತ್ತೇನೆ. ಕೆಲಸ ಚಿಕ್ಕದಾಗುತ್ತದೆ, ಆದರೆ ತಪ್ಪು ಇರುವುದಿಲ್ಲ. ನನಗೆ ಮಾತ್ರ ಆ 11 ಬೇಕು. ಒಂದೇ ಊರಿನ ಒಂದೇ ಕೆರೆಗೆ ಇನ್ನೂರು ವರ್ಷದ ಅಂತರದಲ್ಲಿ ಒಂದು ಕನ್ನಡ, ಒಂದು ತಮಿಳು ಶಾಸನ ಸಿಕ್ಕಿವೆ. ಎರಡರಲ್ಲೂ ತೂಬಿನ ಮಾತಿದೆ, ಕನ್ನಡದ್ದರಲ್ಲಿ ತೂಂಬು, ತಮಿಳಿನದ್ದರಲ್ಲಿ ತೂಮ್ಬು. ಅವೆರಡನ್ನೂ ಅಕ್ಕಪಕ್ಕ ಇಟ್ಟು ಬರೆಯಬೇಕು ಅನ್ನೋ ಆಸೆಗೇ ಈ ವಿಷಯ ತೆಗೆದುಕೊಂಡಿದ್ದೆ.

13ನೇ ತಾರೀಖಿನೊಳಗೆ ಆಗುತ್ತೆ ಅಥವಾ ಆಗಲ್ಲ ಅಂತ ಒಂದು ಮಾತು ತಿಳಿಸಿದರೆ ಸಾಕು, ಅದರ ಮೇಲೆ ಮುಂದಿನ ಕೆಲಸ ಮಾಡುತ್ತೇನೆ. ನಾಳೆ ಮಧ್ಯಾಹ್ನ ಮೂರಕ್ಕೆ ನಿಮ್ಮ ಕ್ಲಾಸ್ ಮುಗಿದ ಮೇಲೆ ವಿಭಾಗದಲ್ಲೇ ಇರುತ್ತೇನೆ, ಕೇಳುವುದಿದ್ದರೆ ಕರೆಯಿರಿ. ತಪ್ಪು ಕೋಷ್ಟಕ, ತಪ್ಪಾದ 5 ಕಡೆಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿರುವ ಹಾಳೆ, 6ನೇ ಕಲ್ಲಿನ ಮೂರು ಫೋಟೋ ಇದರ ಜೊತೆ ಇವೆ.

ನಿಮ್ಮ ವಿದ್ಯಾರ್ಥಿ,
ಮಂಜುನಾಥ
ಎಂ.ಎ. ಇತಿಹಾಸ, 4ನೇ ಸೆಮಿಸ್ಟರ್
ಮೇ 11