2022-23ನೇ ಸಾಲಿನ ವಾರ್ಷಿಕ ರಿಟರ್ನ್ ಮತ್ತು ಮಾಸಿಕ ರಿಟರ್ನ್‌ಗಳ ನಡುವಿನ ವ್ಯತ್ಯಾಸದ ಕುರಿತ ನೋಟಿಸಿಗೆ ಉತ್ತರ

ದಿನಾಂಕ: 14-8-2025
ಬೆಳಗಾವಿ

ಇವರಿಂದ:
ಮಾಲೀಕರು, ಪಂಪ್ ಬಿಡಿಭಾಗಗಳ ತಯಾರಿಕಾ ಘಟಕ, ಉದ್ಯಮಬಾಗ್, ಬೆಳಗಾವಿ
(ವ್ಯಾಪಾರದ ಹೆಸರು ಮತ್ತು ನೋಂದಣಿ ಸಂಖ್ಯೆ ನೋಟಿಸಿನಲ್ಲಿ ನಮೂದಾಗಿರುವಂತೆ)

ಇವರಿಗೆ:
ವಾಣಿಜ್ಯ ತೆರಿಗೆಗಳ ಸಹಾಯಕ ಆಯುಕ್ತರು, ಸ್ಥಳೀಯ ಜಿಎಸ್‌ಟಿ ಕಚೇರಿ, ಬೆಳಗಾವಿ

ವಿಷಯ: ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಕಲಂ 61 ಮತ್ತು ನಿಯಮ 99ರ ಅಡಿಯಲ್ಲಿ ಹೊರಡಿಸಿದ ನೋಟಿಸಿಗೆ ನಮೂನೆ ಎಎಸ್‌ಎಂಟಿ-11ರಲ್ಲಿ ಸಲ್ಲಿಸುವ ಉತ್ತರ.

ಉಲ್ಲೇಖ: ದಿನಾಂಕ 22-7-2025ರಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮಗೆ ತಲುಪಿದ ನಮೂನೆ ಎಎಸ್‌ಎಂಟಿ-10.

ಮಾನ್ಯರೇ,

ಮೇಲ್ಕಂಡ ನೋಟಿಸಿನಲ್ಲಿ ತಾವು ಎರಡು ವ್ಯತ್ಯಾಸಗಳನ್ನು ಗುರುತಿಸಿದ್ದೀರಿ. ಮೊದಲನೆಯದಾಗಿ, ನಮ್ಮ ಜಿಎಸ್‌ಟಿಆರ್-9ರ 4ನೇ ಕೋಷ್ಟಕದಲ್ಲಿ, ರಿವರ್ಸ್ ಚಾರ್ಜಿಗೆ ಸಂಬಂಧಿಸಿದ 4ಜಿ ಸಾಲನ್ನು ಹೊರತುಪಡಿಸಿ, ತೆರಿಗೆಗೊಳಪಡುವ ಮಾರಾಟದ ಮೌಲ್ಯ ರೂ. 3,12,48,600 ಎಂದಿದ್ದರೆ, ಹನ್ನೆರಡು ತಿಂಗಳ ಜಿಎಸ್‌ಟಿಆರ್-3ಬಿಗಳ 3.1(ಎ) ಸಾಲಿನ ಒಟ್ಟು ಮೊತ್ತ ರೂ. 3,04,86,100 ಆಗಿದ್ದು, ಕಡಿಮೆ ಬಿದ್ದಿರುವ ರೂ. 7,62,500ರ ಮೇಲೆ ಶೇಕಡಾ 18ರಂತೆ ರೂ. 1,37,250 ತೆರಿಗೆ ಬಾಕಿ ಇದೆ ಎಂಬುದು. ಎರಡನೆಯದಾಗಿ, 6ನೇ ಕೋಷ್ಟಕದ 6ಎ ಸಾಲಿನಲ್ಲಿರುವ ಹೂಡುವಳಿ ತೆರಿಗೆ ಜಮೆ ರೂ. 38,46,920 ಆಗಿದ್ದು, ಅದರ ವಿಂಗಡಣೆಯ ಒಟ್ಟು ಮೊತ್ತ ರೂ. 37,98,320 ಮಾತ್ರ ಇರುವುದರಿಂದ ರೂ. 48,600ರಷ್ಟು ಜಮೆಯನ್ನು ಹೆಚ್ಚುವರಿಯಾಗಿ ಪಡೆಯಲಾಗಿದೆ ಎಂಬುದು. ಎರಡೂ ಸೇರಿ ರೂ. 1,85,850 ಮತ್ತು ಅದರ ಮೇಲಿನ ಬಡ್ಡಿಯನ್ನು ಏಕೆ ಪಾವತಿಸಬಾರದು ಎಂದು ಮೂವತ್ತು ದಿನಗಳೊಳಗೆ ವಿವರಿಸಲು ತಿಳಿಸಿದ್ದೀರಿ.

ಈ ಅಂಕಿಗಳು ಪೋರ್ಟಲ್‌ನಲ್ಲಿರುವಂತೆಯೇ ಇವೆ. ಅವುಗಳ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ವ್ಯತ್ಯಾಸದ ಬಹುಪಾಲು ವಾರ್ಷಿಕ ರಿಟರ್ನ್ ತುಂಬುವಾಗ ನಮ್ಮ ಕಡೆಯಿಂದಾದ ತಪ್ಪಿನಿಂದ ಹುಟ್ಟಿದ್ದೇ ಹೊರತು ತೆರಿಗೆ ಕಟ್ಟದೆ ಉಳಿದದ್ದರಿಂದಲ್ಲ. ಒಂದು ಬಾಬತ್ತಿನಲ್ಲಿ ಮಾತ್ರ ತೆರಿಗೆ ನಿಜವಾಗಿಯೂ ಕಟ್ಟದೆ ಉಳಿದಿತ್ತು. ಅದನ್ನು ಒಪ್ಪಿಕೊಂಡು, ಬಡ್ಡಿ ಸಮೇತ ಪಾವತಿಸಿಯೇ ಈ ಉತ್ತರವನ್ನು ಸಲ್ಲಿಸುತ್ತಿದ್ದೇವೆ. 28-12-2023ರಂದು ಸಲ್ಲಿಸಿದ ಜಿಎಸ್‌ಟಿಆರ್-9ನ್ನು ತಿದ್ದಿ ಮತ್ತೆ ಸಲ್ಲಿಸುವ ಅವಕಾಶ ಪೋರ್ಟಲ್‌ನಲ್ಲಿ ಇಲ್ಲದಿರುವುದರಿಂದ, ತಪ್ಪು ಗಮನಕ್ಕೆ ಬಂದ ಮೇಲೂ ಅದನ್ನು ಅಲ್ಲಿಯೇ ಸರಿಪಡಿಸಲು ಸಾಧ್ಯವಾಗಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ.

ನಮ್ಮದು ಮಾಲೀಕತ್ವದ ಸಣ್ಣ ಘಟಕ. ಫೌಂಡ್ರಿಗಳಿಂದ ಬೀಡಿನ ಎರಕಗಳನ್ನು ಕೊಂಡು, ಲೇತ್ ಮತ್ತು ಡ್ರಿಲ್ಲಿಂಗ್ ಯಂತ್ರಗಳಲ್ಲಿ ಕೆತ್ತಿ, ಪಂಪ್ ತಯಾರಕರಿಗೆ ಕೇಸಿಂಗ್ ಮುಂತಾದ ಭಾಗಗಳನ್ನು ಪೂರೈಸುತ್ತೇವೆ. ಸದರಿ ಸಾಲಿನ ಮಾರಾಟವೆಲ್ಲ ರಾಜ್ಯದೊಳಗಿನದೇ ಆಗಿದ್ದು, ಕೆಳಗೆ ಹೇಳಿರುವ ಪ್ರತಿಯೊಂದು ತೆರಿಗೆ ಮೊತ್ತವೂ ಕೇಂದ್ರ ಮತ್ತು ರಾಜ್ಯ ತೆರಿಗೆಗಳ ನಡುವೆ ಸಮನಾಗಿ ಹಂಚಿಕೆಯಾಗುತ್ತದೆ. ಮಾಸಿಕ ರಿಟರ್ನ್‌ಗಳನ್ನು ಮಾರಾಟದ ರಿಜಿಸ್ಟರಿನಿಂದಲೂ, ವಾರ್ಷಿಕ ರಿಟರ್ನನ್ನು ವರ್ಷಾಂತ್ಯದ ಲೆಕ್ಕಪತ್ರದಿಂದಲೂ ತಯಾರಿಸಿದ್ದೇ ಈ ಎಲ್ಲ ಗೊಂದಲಕ್ಕೆ ಮೂಲ ಕಾರಣ.

ಮಾರಾಟದ ಮೌಲ್ಯದಲ್ಲಿರುವ ರೂ. 7,62,500ರ ವ್ಯತ್ಯಾಸವು ಮೂರು ಬಾಬತ್ತುಗಳಿಂದ ಕೂಡಿದೆ.

ಇವುಗಳಲ್ಲಿ ದೊಡ್ಡದು ರೂ. 5,40,000 ಮೌಲ್ಯದ, ರೂ. 97,200 ತೆರಿಗೆಯ ಒಂದೇ ಇನ್‌ವಾಯ್ಸ್. ದಿನಾಂಕ 30-3-2023ರಂದು ಇನ್‌ವಾಯ್ಸ್ ಹಾಗೂ ಇ-ವೇ ಬಿಲ್ ತಯಾರಾಗಿ ಅದೇ ದಿನ ಸರಕು ನಮ್ಮ ಗೇಟಿನಿಂದ ಹೊರಟಿತ್ತು. ಆದರೆ ನಮ್ಮ ಲೆಕ್ಕಿಗರು ಮಾರ್ಚ್ ತಿಂಗಳ ಮಾರಾಟದ ಪಟ್ಟಿಯನ್ನು 29ರಂದೇ ತೆಗೆದು ಇಟ್ಟುಕೊಂಡಿದ್ದರಿಂದ ಈ ಇನ್‌ವಾಯ್ಸ್ ಆ ಪಟ್ಟಿಗೆ ಸೇರಲಿಲ್ಲ. ಮುಂದಿನ ತಿಂಗಳು ಅದು ಗಮನಕ್ಕೆ ಬಂದಾಗ, ಇನ್‌ವಾಯ್ಸಿನ ನಿಜವಾದ ದಿನಾಂಕವನ್ನೇ ಉಳಿಸಿಕೊಂಡು ಏಪ್ರಿಲ್ 2023ರ ಜಿಎಸ್‌ಟಿಆರ್-1ರಲ್ಲಿ ತೋರಿಸಿ, 20-5-2023ರಂದು ಸಲ್ಲಿಸಿದ ಜಿಎಸ್‌ಟಿಆರ್-3ಬಿಯಲ್ಲಿ ತೆರಿಗೆಯನ್ನು ಪೂರ್ಣವಾಗಿ ಕಟ್ಟಲಾಗಿದೆ. ಹೀಗೆ ಮುಂದಿನ ವರ್ಷದ ರಿಟರ್ನಿನಲ್ಲಿ ಘೋಷಿಸಿದ ಪೂರೈಕೆಯನ್ನು ಜಿಎಸ್‌ಟಿಆರ್-9ರ 10ನೇ ಕೋಷ್ಟಕದಲ್ಲಿ ತೋರಿಸಬೇಕಿತ್ತು. ಅದನ್ನು ಖಾಲಿ ಬಿಟ್ಟು, ಲೆಕ್ಕಪತ್ರದಲ್ಲಿದ್ದ ಮೊತ್ತವನ್ನು ನೇರವಾಗಿ 4ನೇ ಕೋಷ್ಟಕಕ್ಕೆ ಬರೆದದ್ದರಿಂದ ತೆರಿಗೆ ಬಾಕಿ ಇದ್ದಂತೆ ಕಾಣುತ್ತಿದೆ. 2023-24ನೇ ಸಾಲಿನ ಜಿಎಸ್‌ಟಿಆರ್-9ರಲ್ಲಿ ಈ ಮೊತ್ತವನ್ನು ಆ ವರ್ಷದ ಮಾರಾಟವೆಂದು ತೋರಿಸಿಲ್ಲವಾದ್ದರಿಂದ, ಎರಡೂ ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಲೆಕ್ಕ ಸರಿಹೋಗುತ್ತದೆ. ಇನ್‌ವಾಯ್ಸ್, ಇ-ವೇ ಬಿಲ್ ಹಾಗೂ ಏಪ್ರಿಲ್ 2023ರ ಎರಡೂ ರಿಟರ್ನ್‌ಗಳ ಪ್ರತಿಗಳು ಅನುಬಂಧ 1ರಲ್ಲಿವೆ.

ತೆರಿಗೆ ಸಂದಾಯವಾಗಿದ್ದರೂ ಅದು ಒಂದು ತಿಂಗಳು ತಡವಾಗಿ ಸಂದಾಯವಾಗಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಗದು ಲೆಡ್ಜರಿನಿಂದ ಕಟ್ಟಿದ ಭಾಗಕ್ಕೆ ಮಾತ್ರ ಬಡ್ಡಿ ಎಂಬ ಕಲಂ 50(1)ರ ವಿನಾಯಿತಿಯು, ಆಯಾ ಅವಧಿಯ ಪೂರೈಕೆಯನ್ನು ಅದೇ ಅವಧಿಯ ರಿಟರ್ನಿನಲ್ಲಿ ತಡವಾಗಿ ಘೋಷಿಸಿದವರಿಗೆ ಅನ್ವಯಿಸುತ್ತದೆ. ನಮ್ಮದು ಬೇರೆ ಅವಧಿಯ ರಿಟರ್ನಿನಲ್ಲಿ ಘೋಷಣೆಯಾದ ಪೂರೈಕೆಯಾಗಿರುವುದರಿಂದ ಆ ವಿನಾಯಿತಿಯನ್ನು ಕೋರದೆ, ಪೂರ್ಣ ರೂ. 97,200ರ ಮೇಲೆ 20-4-2023ರಿಂದ 20-5-2023ರವರೆಗಿನ 30 ದಿನಗಳಿಗೆ ಶೇಕಡಾ 18ರ ದರದಲ್ಲಿ ರೂ. 1,438 ಬಡ್ಡಿಯನ್ನು ಲೆಕ್ಕಹಾಕಿ ಕಟ್ಟಿದ್ದೇವೆ.

ಎರಡನೆಯ ಬಾಬತ್ತು ರೂ. 1,10,000 ಮೌಲ್ಯದ, ರೂ. 19,800 ತೆರಿಗೆಯ ಕ್ರೆಡಿಟ್ ನೋಟ್. ದಿನಾಂಕ 19-1-2023ರ ಇನ್‌ವಾಯ್ಸಿನಡಿ ತಲಾ ರೂ. 1,250ರಂತೆ 400 ಪಂಪ್ ಕೇಸಿಂಗ್‌ಗಳನ್ನು ಪೂರೈಸಿದ್ದೆವು. ಖರೀದಿದಾರರು ನೀರಿನ ಒತ್ತಡದ ಪರೀಕ್ಷೆ ನಡೆಸಿದಾಗ ಅವುಗಳಲ್ಲಿ 88 ಕೇಸಿಂಗ್‌ಗಳು ಸೋರಿದವು. ಎರಕದೊಳಗೆ ಉಳಿದಿದ್ದ ಗಾಳಿಗುಳ್ಳೆಗಳು ಹೊರಮೈ ಕೆತ್ತುವವರೆಗೂ ಕಾಣಿಸಿರಲಿಲ್ಲ. ತಿರಸ್ಕೃತ ಮಾಲು ವಾಪಸು ಬಂದ ಮೇಲೆ 17-2-2023ರಂದು ಕಲಂ 34ರ ಪ್ರಕಾರ ಕ್ರೆಡಿಟ್ ನೋಟ್ ನೀಡಿ, ಅದನ್ನು ಫೆಬ್ರವರಿ 2023ರ ಜಿಎಸ್‌ಟಿಆರ್-1ರಲ್ಲಿ ಘೋಷಿಸಿ, ಅದೇ ತಿಂಗಳ ಜಿಎಸ್‌ಟಿಆರ್-3ಬಿಯಲ್ಲಿ ಮಾರಾಟದಿಂದ ಕಳೆದು ತೋರಿಸಲಾಗಿದೆ. ಕಾಯ್ದೆಯು ಇದಕ್ಕೆ ಮುಂದಿನ ನವೆಂಬರ್ 30ರವರೆಗೆ ಅವಕಾಶ ಕೊಡುತ್ತದೆ. ನಾವು ಆ ವರ್ಷ ಮುಗಿಯುವ ಮೊದಲೇ ಅದನ್ನು ಪೂರೈಸಿದ್ದೆವು. ಮಾಸಿಕ ರಿಟರ್ನಿನಲ್ಲಿರುವುದು ಕ್ರೆಡಿಟ್ ನೋಟ್ ಕಳೆದ ನಂತರದ ಮೊತ್ತ. ಜಿಎಸ್‌ಟಿಆರ್-9ರಲ್ಲಿ ಒಟ್ಟು ಮಾರಾಟವನ್ನು ಬರೆದು 4ಐ ಸಾಲಿನಲ್ಲಿ ಕ್ರೆಡಿಟ್ ನೋಟನ್ನು ಕಳೆಯದೆ ಬಿಟ್ಟದ್ದು ನಮ್ಮ ತಪ್ಪು. ಈ ಬಾಬತ್ತಿನಲ್ಲಿ ಕಟ್ಟಬೇಕಾದ ತೆರಿಗೆಯೂ ಇಲ್ಲ, ಬಡ್ಡಿಯೂ ಇಲ್ಲ.

ವಾಪಸು ಬಂದ ಮಾಲು ಏನಾಯಿತು ಎಂಬ ಪ್ರಶ್ನೆ ಸಹಜವಾಗಿಯೇ ಏಳಬಹುದಾದ್ದರಿಂದ ಅದನ್ನೂ ತಿಳಿಸುತ್ತೇವೆ. ದೋಷ ಎರಕದ್ದೇ ಆಗಿದ್ದರಿಂದ 88 ಎರಕಗಳನ್ನೂ ಫೌಂಡ್ರಿಗೆ ಹಿಂದಿರುಗಿಸಿದೆವು. ಅವರು ತಲಾ ರೂ. 700ರಂತೆ ರೂ. 61,600ಕ್ಕೆ ನೀಡಿದ ಕ್ರೆಡಿಟ್ ನೋಟ್ ಮಾರ್ಚ್ 2023ರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡು, ಅದರ ತೆರಿಗೆ ರೂ. 11,088 ಆ ತಿಂಗಳ ನಮ್ಮ ಜಮೆಯಿಂದ ಕಡಿತವಾಗಿದೆ. ಖರೀದಿದಾರರು ತಾವು ಪಡೆದಿದ್ದ ಜಮೆಯನ್ನು ಹಿಂದಿರುಗಿಸಿರುವ ಬಗ್ಗೆ ನೀಡಿದ ದೃಢೀಕರಣ ಪತ್ರ, ತಿರಸ್ಕಾರದ ವರದಿ ಮತ್ತು ಎರಡೂ ಕ್ರೆಡಿಟ್ ನೋಟ್‌ಗಳು ಅನುಬಂಧ 2ರಲ್ಲಿವೆ.

ಮೂರನೆಯ ಬಾಬತ್ತಿನಲ್ಲಿ ನಮ್ಮ ಲೋಪವನ್ನು ಒಪ್ಪಿಕೊಳ್ಳುತ್ತೇವೆ. ಲೇತ್‌ಗಳಡಿ ಶೇಖರವಾಗುವ ಬೀಡಿನ ಬೋರಿಂಗ್ ಸ್ಕ್ರ್ಯಾಪ್ 4,500 ಕಿಲೋ ಆದಾಗ, ನವೆಂಬರ್ 2022ರಲ್ಲಿ ಕಿಲೋಗೆ ರೂ. 25ರಂತೆ ರೂ. 1,12,500ಕ್ಕೆ ಅದನ್ನು ನೋಂದಣಿ ಇಲ್ಲದ ವ್ಯಾಪಾರಿಯೊಬ್ಬರಿಗೆ ಮಾರಲಾಯಿತು. ಸ್ಕ್ರ್ಯಾಪ್ ನಮ್ಮ ತಯಾರಿಕೆಯಲ್ಲ, ಆದ್ದರಿಂದ ಅದಕ್ಕೆ ತೆರಿಗೆ ಇನ್‌ವಾಯ್ಸ್ ಬೇಕಾಗಿಲ್ಲ ಎಂಬ ತಪ್ಪು ತಿಳಿವಳಿಕೆಯಿಂದ, ಶೆಡ್ಡಿನ ಮೇಲ್ವಿಚಾರಕರು ತೂಕದ ಚೀಟಿಯ ಆಧಾರದ ಮೇಲಷ್ಟೇ ಮಾಲು ಕಳುಹಿಸಿದರು. ಬ್ಯಾಂಕಿಗೆ ಬಂದ ಹಣ ಇತರೆ ಆದಾಯದ ಖಾತೆಗೆ ಜಮಾ ಆಯಿತೇ ಹೊರತು ಮಾರಾಟದ ರಿಜಿಸ್ಟರಿಗೆ ಬರಲಿಲ್ಲ. ವರ್ಷಾಂತ್ಯದಲ್ಲಿ ಇದನ್ನು ಗುರುತಿಸಿ ಜಿಎಸ್‌ಟಿಆರ್-9ರ 4ನೇ ಕೋಷ್ಟಕಕ್ಕೆ ಸೇರಿಸಲಾಯಿತಾದರೂ, ಅದರ ತೆರಿಗೆಯನ್ನು ಡಿಆರ್‌ಸಿ-03ರ ಮೂಲಕ ಕಟ್ಟುವುದು ಬಿಟ್ಟುಹೋಯಿತು. ಮೊತ್ತವನ್ನು ಮುಚ್ಚಿಡುವ ಉದ್ದೇಶವಿದ್ದಿದ್ದರೆ ವಾರ್ಷಿಕ ರಿಟರ್ನಿನಲ್ಲಿ ಅದನ್ನು ನಾವಾಗಿಯೇ ತೋರಿಸುತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಪರಿಗಣಿಸಬೇಕು.

ಈ ಮಾರಾಟದಲ್ಲಿ ಖರೀದಿದಾರರಿಂದ ತೆರಿಗೆ ಎಂದು ಏನನ್ನೂ ವಸೂಲು ಮಾಡಿಲ್ಲ. ಬಂದ ಹಣದಲ್ಲಿಯೇ ತೆರಿಗೆ ಸೇರಿದೆ ಎಂದು ವಾದಿಸಿ ಮೌಲ್ಯವನ್ನು ಕಡಿಮೆ ತೋರಿಸುವ ದಾರಿಯನ್ನು ಹಿಡಿಯದೆ, ಪೂರ್ಣ ರೂ. 1,12,500ರ ಮೇಲೆ ಶೇಕಡಾ 18ರಂತೆ ರೂ. 20,250 ತೆರಿಗೆಯನ್ನು, ನವೆಂಬರ್ 2022ರ ರಿಟರ್ನಿನ ಕೊನೆಯ ದಿನವಾದ 20-12-2022ರಿಂದ ಪಾವತಿಯ ದಿನವಾದ 12-8-2025ರವರೆಗಿನ 966 ದಿನಗಳ ಬಡ್ಡಿ ರೂ. 9,648ನ್ನು ನಮ್ಮ ಕೈಯಿಂದಲೇ ಭರಿಸಿದ್ದೇವೆ. ಮೊದಲ ಬಾಬತ್ತಿನ ಬಡ್ಡಿಯೂ ಸೇರಿ ಡಿಆರ್‌ಸಿ-03ರಲ್ಲಿ ಒಟ್ಟು ರೂ. 31,336 ಸಂದಾಯವಾಗಿದ್ದು, ಅದರಲ್ಲಿ ಬಡ್ಡಿಯ ರೂ. 11,086ನ್ನು ನಗದು ಲೆಡ್ಜರಿನಿಂದಲೇ ಕಟ್ಟಲಾಗಿದೆ. ಡಿಆರ್‌ಸಿ-03, ಬಡ್ಡಿಯ ಲೆಕ್ಕ, ತೂಕದ ಚೀಟಿ ಮತ್ತು ಬ್ಯಾಂಕ್ ಖಾತೆಯ ಸಂಬಂಧಿತ ಪುಟ ಅನುಬಂಧ 3ರಲ್ಲಿವೆ.

ಇನ್ನು ಜಮೆಯ ವಿಷಯ. ನೋಟಿಸಿನಲ್ಲಿರುವ ರೂ. 48,600 ನಾವು ಹೆಚ್ಚುವರಿಯಾಗಿ ಪಡೆದ ಜಮೆಯಲ್ಲ. ಪಡೆದ ಜಮೆಯ ವಿಂಗಡಣೆಯಲ್ಲಿ ಬರೆಯದೆ ಬಿಟ್ಟ ಒಂದು ಸಾಲು. ಎರಕಗಳನ್ನು ತರಿಸಿದ ಲಾರಿ ಬಾಡಿಗೆ ಆ ವರ್ಷ ರೂ. 9,72,000 ಆಗಿದ್ದು, ನೋಂದಣಿ ಇಲ್ಲದ ಸರಕು ಸಾಗಣೆ ಏಜೆನ್ಸಿಗಳ ಈ ಸೇವೆಗೆ ಕಲಂ 9(3)ರ ಪ್ರಕಾರ ನಾವೇ ಶೇಕಡಾ 5ರಂತೆ ರೂ. 48,600 ತೆರಿಗೆಯನ್ನು ಪ್ರತಿ ತಿಂಗಳ ಜಿಎಸ್‌ಟಿಆರ್-3ಬಿಯ 3.1(ಡಿ) ಸಾಲಿನಲ್ಲಿ ತೋರಿಸಿ ನಗದಾಗಿ ಕಟ್ಟಿದ್ದೇವೆ ಮತ್ತು ಆಯಾ ತಿಂಗಳಲ್ಲಿಯೇ 4(ಎ)(3) ಸಾಲಿನಲ್ಲಿ ಅದರ ಜಮೆಯನ್ನು ಪಡೆದಿದ್ದೇವೆ. ಜಿಎಸ್‌ಟಿಆರ್-9ರಲ್ಲಿ ಕಟ್ಟಿದ ತೆರಿಗೆಯನ್ನು 4ಜಿ ಸಾಲಿನಲ್ಲಿ ಸರಿಯಾಗಿಯೇ ನಮೂದಿಸಿ, ಅದರ ಜಮೆಯನ್ನು 6ಸಿ ಸಾಲಿನಲ್ಲಿ ಬರೆಯುವುದನ್ನು ಮರೆಯಲಾಗಿದೆ. 6ಎ ಸಾಲು ಮಾಸಿಕ ರಿಟರ್ನ್‌ಗಳಿಂದ ತಾನಾಗಿಯೇ ತುಂಬಿಕೊಳ್ಳುವುದರಿಂದ ಅಲ್ಲಿ ಪೂರ್ಣ ಮೊತ್ತ ಬಂದು, ನಾವು ತುಂಬಿದ ವಿಂಗಡಣೆಯಲ್ಲಿ ಅಷ್ಟೇ ಮೊತ್ತ ಕಡಿಮೆ ಬಿದ್ದಿದೆ. 4ಜಿ ಸಾಲಿನ ತೆರಿಗೆ ಮತ್ತು 6ಜೆ ಸಾಲಿನ ವ್ಯತ್ಯಾಸ ಎರಡೂ ರೂ. 48,600 ಆಗಿರುವುದು ಇದನ್ನೇ ತೋರಿಸುತ್ತದೆ. ತಿಂಗಳವಾರು ತಃಖ್ತೆ, ನಗದು ಲೆಡ್ಜರಿನ ಪ್ರತಿ ಮತ್ತು ಸಾಗಣೆ ರಶೀದಿಗಳು ಅನುಬಂಧ 4ರಲ್ಲಿವೆ. ಅನರ್ಹ ಜಮೆ ಯಾವುದೂ ಇಲ್ಲದಿರುವುದರಿಂದ ಕಲಂ 50(3)ರ ಬಡ್ಡಿಯ ಪ್ರಶ್ನೆ ಉದ್ಭವಿಸುವುದಿಲ್ಲ.

ಆದ್ದರಿಂದ, ನೋಟಿಸಿನ ರೂ. 1,85,850ರಲ್ಲಿ ವಾಸ್ತವವಾಗಿ ಬಾಕಿ ಇದ್ದ ತೆರಿಗೆ ರೂ. 20,250 ಮಾತ್ರವೆಂದೂ, ಅದು ಬಡ್ಡಿ ಸಮೇತ ಸಂದಾಯವಾಗಿದೆಯೆಂದೂ ಪರಿಗಣಿಸಿ, ಸದರಿ ಪಾವತಿಯನ್ನು ಕಲಂ 73(5)ರ ಅಡಿಯಲ್ಲಿ ಒಪ್ಪಿಕೊಂಡು, ನಮ್ಮ ವಿವರಣೆಯನ್ನು ಅಂಗೀಕರಿಸಿದ ಬಗ್ಗೆ ನಮೂನೆ ಎಎಸ್‌ಎಂಟಿ-12ರಲ್ಲಿ ತಿಳಿಸಬೇಕೆಂದು ಕೋರುತ್ತೇವೆ. ಯಾವುದೇ ಬಾಬತ್ತಿನ ಬಗ್ಗೆ ತಮಗೆ ಸಂಶಯ ಉಳಿದಲ್ಲಿ, ಮುಂದಿನ ಕ್ರಮ ಕೈಗೊಳ್ಳುವ ಮೊದಲು ಖುದ್ದಾಗಿ ಹಾಜರಾಗಿ ವಿವರಿಸಲು ಅವಕಾಶ ನೀಡಬೇಕು. ಮೂಲ ಇನ್‌ವಾಯ್ಸ್‌ಗಳು, ರಿಜಿಸ್ಟರುಗಳು ಮತ್ತು ಲೆಕ್ಕದ ಪುಸ್ತಕಗಳೊಂದಿಗೆ ತಾವು ಸೂಚಿಸಿದ ದಿನ ನಮ್ಮ ಲೆಕ್ಕಿಗರ ಜೊತೆ ಹಾಜರಾಗುತ್ತೇವೆ.

ಈ ಉತ್ತರದಲ್ಲಿ ನೀಡಿರುವ ಮಾಹಿತಿಯು ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವಾಗಿದ್ದು, ಯಾವುದನ್ನೂ ಮರೆಮಾಚಿಲ್ಲ ಎಂದು ದೃಢೀಕರಿಸುತ್ತೇನೆ.

ತಮ್ಮ ವಿಶ್ವಾಸಿ,
ಸಹಿ/-
ಮಾಲೀಕರು ಹಾಗೂ ಅಧಿಕೃತ ಸಹಿದಾರರು

ಲಗತ್ತು: ಅನುಬಂಧ 1ರಿಂದ 4