ಹದಿನೈದು ಲೀಟರ್ ಗೀಸರ್ ಬಳಕೆಯ ಸೂಚನೆಗಳು: ಕ್ರಮ ಸರಿಪಡಿಸಿದ ಪ್ರತಿ

ಜಯನಗರದ ನಮ್ಮ ಕಟ್ಟಡದ ಎಲ್ಲ ಮನೆಗಳ ಬಚ್ಚಲುಮನೆಯಲ್ಲಿ ಈಚೆಗೆ ಒಂದೇ ಬಗೆಯ ಗೀಸರ್ ಅಳವಡಿಸಲಾಗಿದೆ. ಅದರೊಂದಿಗೆ ಬಂದ ಹಾಳೆಯ ಮೂರನೆಯ ಸೂಚನೆ ಹೀಗಿದೆ: ‘ಸ್ವಿಚ್ ಹಾಕಿ ತಾಪಮಾನವನ್ನು ಹೊಂದಿಸಿರಿ, ಆದರೆ ಇದಕ್ಕೆ ಮುನ್ನ ಬಿಸಿನೀರಿನ ನಲ್ಲಿಯಿಂದ ಗಾಳಿ ಹೊರಹೋಗಿ ತೊಟ್ಟಿ ತುಂಬಿರಬೇಕು.’ ಓದುತ್ತ ಓದುತ್ತಲೇ ಕೆಲಸ ಮಾಡುವವರು ‘ಆದರೆ’ ಎಂಬಲ್ಲಿಗೆ ತಲುಪುವ ಹೊತ್ತಿಗೆ ಸ್ವಿಚ್ ಹಾಕಿ ಆಗಿರುತ್ತದೆ, ಮತ್ತು ನೀರಿಲ್ಲದ ತೊಟ್ಟಿಯಲ್ಲಿ ಕಾದ ಕಾಯಿಲ್ ಸುಟ್ಟುಹೋಗಬಹುದು. ಆದಕಾರಣ ಆ ಸೂಚನೆಗಳನ್ನೇ ಬಿಡಿಸಿ, ಒಂದು ಹಂತಕ್ಕೆ ಒಂದೇ ಕೆಲಸ ಇರುವಂತೆಯೂ ಕೈ ನಡೆಯುವ ಕ್ರಮದಲ್ಲಿಯೇ ಮಾತು ನಡೆಯುವಂತೆಯೂ ಕೆಳಗೆ ಬರೆಯಲಾಗಿದೆ. ಕಾರಣಗಳು ಬೇಕಾದ ಕಡೆ ಕೆಲಸದ ನಂತರ ಬರುತ್ತವೆ.

ಮೊದಲ ಬಾರಿಗೆ, ಅಥವಾ ಮೇಲಿನ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದ ಮೇಲೆ

1. ಬಚ್ಚಲುಮನೆಯ ಹೊರಗಿರುವ ಗೀಸರ್ ಸ್ವಿಚ್ಚನ್ನು ಆರಿಸಿರಿ. ಹತ್ತನೆಯ ಹಂತದವರೆಗೆ ಅದನ್ನು ಮುಟ್ಟುವ ಅಗತ್ಯವಿಲ್ಲ.

2. ತಣ್ಣೀರಿನ ನಲ್ಲಿಯನ್ನು ತಿರುಗಿಸಿರಿ. ನೀರು ಬಾರದಿದ್ದರೆ ಟ್ಯಾಂಕ್ ತುಂಬುವವರೆಗೆ ಇಲ್ಲಿಯೇ ನಿಲ್ಲಿಸಿರಿ.

3. ತಣ್ಣೀರಿನ ನಲ್ಲಿಯನ್ನು ಮುಚ್ಚಿರಿ.

4. ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆಯಿರಿ.

5. ಗೀಸರ್‌ನ ಕೆಳಗೆ ನೀಲಿ ಗುರುತಿರುವ ಪೈಪಿನ ಆಂಗಲ್ ಕಾಕನ್ನು ನಿಧಾನವಾಗಿ ತೆರೆಯಿರಿ.

6. ಬಿಸಿನೀರಿನ ನಲ್ಲಿಯಿಂದ ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾಯಿರಿ. ಮೊದಲು ಬರೀ ಗಾಳಿ ಬರುತ್ತದೆ, ಬಳಿಕ ನಲ್ಲಿ ಕೆಮ್ಮಿದಂತೆ ಗಾಳಿಯೂ ನೀರೂ ಬಿಟ್ಟುಬಿಟ್ಟು ಬರುತ್ತವೆ. ತೊಟ್ಟಿಗೆ ತಣ್ಣೀರು ತಳದಿಂದ ಸೇರುತ್ತದೆ ಮತ್ತು ಹೊರಹೋಗುವ ಕೊಳವೆಯ ಬಾಯಿ ಒಳಗಡೆ ಮೇಲ್ತುದಿಯ ಹತ್ತಿರ ಇರುತ್ತದೆ. ಹೀಗಾಗಿ ನಲ್ಲಿಯಲ್ಲಿ ಕಾಣುವ ತಡೆಯಿಲ್ಲದ ಧಾರೆಯೇ ತೊಟ್ಟಿ ತುಂಬಿದೆ ಎಂಬುದಕ್ಕೆ ನಮಗಿರುವ ಸಾಕ್ಷಿ. ಹಳೆಯ ಹಾಳೆಯಲ್ಲಿ ಒಂದು ಉಪವಾಕ್ಯವಾಗಿ ಅಡಗಿದ್ದುದು ಇದೇ ಹಂತ. ಎಲ್ಲಕ್ಕಿಂತ ಮುಖ್ಯವಾದುದೂ ಇದೇ.

7. ಬಿಸಿನೀರಿನ ನಲ್ಲಿಯನ್ನು ಮುಚ್ಚಿರಿ.

8. ಎರಡೂ ಪೈಪುಗಳ ಜೋಡಣೆಯ ಜಾಗವನ್ನು ಒಣಬಟ್ಟೆಯಿಂದ ಒರೆಸಿ ನೋಡಿರಿ. ಮತ್ತೆ ಒದ್ದೆಯಾದರೆ ಪ್ಲಂಬರ್ ಬರುವವರೆಗೆ ಮುಂದುವರಿಯಬೇಡಿರಿ.

9. ತಾಪಮಾನದ ತಿರುಗುಣಿಯನ್ನು 60 ಡಿಗ್ರಿಯ ಗುರುತಿಗೆ ತನ್ನಿರಿ. ಕಾವೇರಿ ನೀರು ಬಾರದ ದಿನಗಳಲ್ಲಿ ನಮಗೆ ಬರುವುದು ಕೊಳವೆಬಾವಿಯ ಗಡಸು ನೀರು. ಅದನ್ನು ಹೆಚ್ಚು ಕಾಯಿಸಿದಷ್ಟೂ ಕಾಯಿಲ್ ಮೇಲೆ ಬಿಳಿ ಸುಣ್ಣದ ಪದರ ಬೇಗ ಕಟ್ಟುತ್ತದೆ.

10. ಸ್ವಿಚ್ ಹಾಕಿರಿ.

ದಿನನಿತ್ಯದ ಬಳಕೆಗೆ

1. ಬಿಸಿನೀರಿನ ನಲ್ಲಿಯನ್ನು ಒಂದು ಕ್ಷಣ ತೆರೆದು, ನೀರು ಬರುವುದನ್ನು ಕಂಡು ಮುಚ್ಚಿರಿ. (ಇವು ಎರಡು ಕೆಲಸಗಳೆಂಬ ಆಕ್ಷೇಪವನ್ನು ಒಪ್ಪುತ್ತೇವೆ, ಆದರೆ ತೆರೆದ ಕೈಯೇ ಮುಚ್ಚುವ ಕಡೆ ಬೇರ್ಪಡಿಸುವುದು ಅತಿಯಾದೀತು.)

2. ಸ್ವಿಚ್ ಹಾಕಿರಿ.

3. ಕೆಂಪು ದೀಪ ಆರುವವರೆಗೆ ಕಾಯಿರಿ. ಎರಡು ಸಾವಿರ ವಾಟ್‌ನ ಈ ಗೀಸರ್ ಹದಿನೈದು ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಇನ್ನಷ್ಟು.

4. ಸ್ವಿಚ್ ಆರಿಸಿರಿ.

5. ಬಕೆಟ್ಟಿಗೆ ಮೊದಲು ತಣ್ಣೀರು ಬಿಡಿರಿ.

6. ಅದರ ಮೇಲೆ ಬಿಸಿನೀರು ಬೆರೆಸಿರಿ. ಮಕ್ಕಳಿರುವ ಮನೆಯಲ್ಲಿ ಐದು ಮತ್ತು ಆರನೆಯ ಹಂತಗಳನ್ನು ಅದಲುಬದಲು ಮಾಡಬಾರದು. ಬರೀ ಬಿಸಿನೀರು ತುಂಬಿದ ಬಕೆಟ್ಟಿಗೆ ಮಗು ಕೈ ಹಾಕಲು ಅರೆಕ್ಷಣ ಸಾಕು.

7. ಸ್ನಾನಕ್ಕೆ ಮೊದಲು ಮೊಣಕೈಯನ್ನು ಅದ್ದಿ ಬಿಸಿಯನ್ನು ಪರೀಕ್ಷಿಸಿರಿ.

ನೀರು ಕಾಯುವಾಗ ನೀಲಿ ಪೈಪಿನ ಬಳಿಯ ಸುರಕ್ಷತಾ ವಾಲ್ವ್‌ನಿಂದ ಕೆಲವು ಹನಿ ತೊಟ್ಟಿಕ್ಕಿದರೆ ಗಾಬರಿಯಾಗಬೇಕಿಲ್ಲ. ಬಿಸಿಯಾದ ನೀರು ಹಿಗ್ಗುತ್ತದೆ, ಹೆಚ್ಚಾದ ಒತ್ತಡ ಅಲ್ಲಿಂದ ಇಳಿಯುತ್ತದೆ. ಆ ಬಾಯಿಗೆ ಬಟ್ಟೆ ತುರುಕುವುದಾಗಲಿ ಮುಚ್ಚಳ ಬಿಗಿಯುವುದಾಗಲಿ ಸಲ್ಲದು. ಗೀಸರ್ ಆರಿಸಿ ಬಹಳ ಹೊತ್ತು ಕಳೆದರೂ ಹನಿ ನಿಲ್ಲದಿದ್ದರೆ ಮಾತ್ರ ಸಂಘದ ಕಚೇರಿಗೆ ತಿಳಿಸಿರಿ.

ಈ ಗೀಸರ್ ಸುಮಾರು ಎಂಟೂಮುಕ್ಕಾಲು ಆಂಪಿಯರ್ ವಿದ್ಯುತ್ತನ್ನು ಎಳೆಯುವುದರಿಂದ ಇದರ ಪ್ಲಗ್ಗನ್ನು 16 ಆಂಪಿಯರ್ ಸಾಕೆಟ್ಟಿನಿಂದ ಕಿತ್ತು, ಎಕ್ಸ್‌ಟೆನ್ಷನ್ ಬಾಕ್ಸಿನ ಮೂಲಕ ಬೇರೆಡೆ ಚುಚ್ಚಬಾರದು.

ಟ್ಯಾಂಕ್ ಖಾಲಿಯಾದಾಗ ಹಿಂತಡೆ ವಾಲ್ವ್ ಸವೆದಿದ್ದರೆ ಗೀಸರಿನೊಳಗಿನ ನೀರೂ ಹಿಂದಕ್ಕೆ ಇಳಿದುಹೋಗಿರಬಹುದು. ಟ್ಯಾಂಕರ್ ಬಂದು ನೀರು ಮೇಲೇರಿದ ದಿನ ದಿನನಿತ್ಯದ ಪಟ್ಟಿಯನ್ನು ಬಿಟ್ಟು, ಮೇಲಿನ ಪಟ್ಟಿಯನ್ನು ಒಂದನೆಯ ಹಂತದಿಂದ ಅನುಸರಿಸಿರಿ. ಈ ಹಾಳೆಯನ್ನು ಸ್ವಿಚ್ಚಿನ ಪಕ್ಕದಲ್ಲಿ ಅಂಟಿಸಿರಿ. ಬಚ್ಚಲಿನೊಳಗೆ ಅಂಟಿಸಿದರೆ ಆವಿಗೆ ನೆನೆದು ಉದುರುತ್ತದೆ.

— ಕಾರ್ಯದರ್ಶಿ, ನಿವಾಸಿಗಳ ಸಂಘ