ಖರ್ಚಿನ ಲೆಕ್ಕ ಸಾಕು, ಈಗಾದ್ರೂ ಹಾಡು ಕೇಳಿ

ಜೀನ್ ಕ್ಲಾರ್ಕ್ ಮಾಡಿದ 'ನೋ ಅದರ್' ಅನ್ನೋ ಆಲ್ಬಮ್‌ಗೆ 2024ರ ಸೆಪ್ಟೆಂಬರ್‌ಗೆ 50 ವರ್ಷ ತುಂಬ್ತು. 1974ರ ಸೆಪ್ಟೆಂಬರ್‌ನಲ್ಲಿ ಬಂತು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 144ನೇ ಜಾಗದವರೆಗೆ ಹತ್ತಿ ಇಳಿದುಹೋಯ್ತು, ಅಷ್ಟೇ. ಆ ವರ್ಷದ ರಾಕ್ ಬಗ್ಗೆ ಮಾತಾಡೋರು ಹತ್ತು ಆಲ್ಬಮ್ ಹೆಸರು ಹೇಳ್ತಾರೆ, ಅದ್ರಲ್ಲಿ ಇದು ಇರಲ್ಲ. ಇರಬೇಕಿತ್ತು ಅಂತ ನಾನು ಹೇಳ್ತೀನಿ, ಅದೂ ಮೇಲಿನ ಎರಡು ಮೂರರಲ್ಲೇ.

ಹೆಸರು ಕೇಳಿಲ್ಲ ಅನ್ನೋರಿಗೆ ಸ್ವಲ್ಪ ಹಿನ್ನೆಲೆ. ಜೀನ್ ಕ್ಲಾರ್ಕ್ ಅಮೆರಿಕದ 'ದ ಬರ್ಡ್ಸ್' ಅನ್ನೋ ರಾಕ್ ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬ, ಹುಟ್ಟಿದ್ದು 1944ರಲ್ಲಿ ಮಿಸೌರಿಯ ಟಿಪ್ಟನ್‌ನಲ್ಲಿ. ಬ್ಯಾಂಡಿನ ಶುರುವಿನ ದಿನಗಳಲ್ಲಿ ಸ್ವಂತ ಹಾಡು ಜಾಸ್ತಿ ಬರೀತಿದ್ದಿದ್ದು ಇವನೇ, 'ಏಟ್ ಮೈಲ್ಸ್ ಹೈ' ಬರೆದವರಲ್ಲೂ ಇವನಿದಾನೆ. ಆದ್ರೆ ವಿಮಾನ ಹತ್ತೋಕೆ ವಿಪರೀತ ಭಯ, ಊರೂರು ಸುತ್ತೋ ಒತ್ತಡ ಬೇರೆ, 1966ರಲ್ಲಿ ಬ್ಯಾಂಡ್ ಬಿಟ್ಟುಬಿಟ್ಟ. ಆಮೇಲೆ ಡಗ್ ಡಿಲ್ಲರ್ಡ್ ಜೊತೆ ಕಂಟ್ರಿ ಹಾಡು ಮಾಡಿದ, ಒಬ್ಬನೇ ಮಾಡಿದ, ವಿಮರ್ಶಕರು ಮೆಚ್ಚಿದ್ರು, ಜನ ಕೊಂಡ್ಕೊಳ್ಳಲಿಲ್ಲ. 1973ರಲ್ಲಿ ಬರ್ಡ್ಸ್‌ನ ಹಳೇ ಐವರೂ ಮತ್ತೆ ಸೇರಿ ಒಂದು ಆಲ್ಬಮ್ ಮಾಡಿದಾಗ ಅದರಲ್ಲಿ ಜನ ಮೆಚ್ಚಿದ್ದು ಹೆಚ್ಚಾಗಿ ಇವನ ಹಾಡುಗಳನ್ನೇ, ಹಾಗಾಗಿ ಅಸೈಲಮ್ ರೆಕಾರ್ಡ್ಸ್ ಕಂಪನಿಯ ಮುಖ್ಯಸ್ಥ ಡೇವಿಡ್ ಗೆಫನ್ ಇವನಿಗೆ ಒಬ್ಬನೇ ಆಲ್ಬಮ್ ಮಾಡೋ ಅವಕಾಶ ಕೊಟ್ಟ.

ಕ್ಲಾರ್ಕ್ ಕ್ಯಾಲಿಫೋರ್ನಿಯಾದ ಮೆಂಡೊಸಿನೊದಲ್ಲಿ ಸಮುದ್ರ ಕಾಣೋ ಮನೇಲಿ ಕೂತು ಹಾಡು ಬರೆದ. ಲಾಸ್ ಏಂಜಲೀಸ್‌ನ ವಿಲೇಜ್ ರೆಕಾರ್ಡರ್ ಸ್ಟುಡಿಯೋದಲ್ಲಿ ಥಾಮಸ್ ಜೆಫರ್ಸನ್ ಕೇಯ್ ಪ್ರೊಡ್ಯೂಸ್ ಮಾಡಿದ. ಬೇಸ್‌ಗೆ ಲೀ ಸ್ಕ್ಲಾರ್, ಡ್ರಮ್ಸ್‌ಗೆ ರಸ್ ಕಂಕಲ್, ಗಿಟಾರ್‌ಗೆ ಜೆಸ್ಸಿ ಎಡ್ ಡೇವಿಸ್, ಹಿಂದೆ ಹಾಡೋಕೆ ವೆನೆಟಾ ಫೀಲ್ಡ್ಸ್, ಕ್ಲೈಡಿ ಕಿಂಗ್ ಥರದವರು, ಅಂದ್ರೆ ಆ ಕಾಲಕ್ಕೆ ಅಲ್ಲಿ ಸಿಗ್ತಿದ್ದ ಕೈಗಳಲ್ಲಿ ಅತ್ಯುತ್ತಮ ಕೈಗಳು. ಖರ್ಚು 1 ಲಕ್ಷ ಡಾಲರ್ ದಾಟ್ತು, ಕೊನೆಗೆ ಸಿಕ್ಕಿದ್ದು 8 ಹಾಡು.

ಇಲ್ಲೇ ನನಗೆ ಸಿಟ್ಟು ಬರೋದು. 50 ವರ್ಷದಿಂದ ಈ ಆಲ್ಬಮ್ ಬಗ್ಗೆ ಯಾರು ಬರೆದ್ರೂ ಮೊದಲು ಹೇಳೋದು ಈ ಲೆಕ್ಕವನ್ನೇ: ಇಷ್ಟು ದುಡ್ಡು, ಎಂಟೇ ಹಾಡು, ಗೆಫನ್‌ಗೆ ಕೋಪ ಬಂತು, ಕಂಪನಿ ಪ್ರಚಾರ ಮಾಡಲಿಲ್ಲ, ಮುಗೀತು. ಆಮೇಲೆ ಅವನ ಕುಡಿತ, 1991ರಲ್ಲಿ 46ನೇ ವಯಸ್ಸಿಗೇ ತೀರಿಹೋಗಿದ್ದು. ಕತೆ ಚೆನ್ನಾಗಿದೆ, ಓದೋಕೆ ಮಜಾ, ಆದ್ರೆ ಈ ಕತೆ ಹಾಡುಗಳನ್ನ ನುಂಗಿಬಿಟ್ಟಿದೆ ಕಣ್ರೀ. ಅದೇ ಅಸೈಲಮ್‌ನಿಂದ ಅದೇ 1974ರಲ್ಲಿ ಬಾಬ್ ಡಿಲನ್‌ದು 'ಪ್ಲಾನೆಟ್ ವೇವ್ಸ್' ಬಂದಿತ್ತು, ಜೋನಿ ಮಿಚೆಲ್‌ದು 'ಕೋರ್ಟ್ ಅಂಡ್ ಸ್ಪಾರ್ಕ್' ಬಂದಿತ್ತು, ಈಗಲ್ಸ್‌ದೂ ಒಂದು. ಅಂಥವರನ್ನ ಇಟ್ಕೊಂಡಿರೋ ಕಂಪನಿ, ಪ್ರವಾಸಕ್ಕೇ ಹೆದರೋ ಒಬ್ಬನ ಕಡೆ ತಿರುಗಿ ನೋಡದಿದ್ದದ್ದು ವ್ಯಾಪಾರ, ಅದು ಸಂಗೀತದ ಬಗ್ಗೆ ಕೊಟ್ಟ ತೀರ್ಪು ಅಲ್ಲ.

ಹಾಗಾದ್ರೆ ಸಂಗೀತ ಹೇಗಿದೆ? ಮೊದಲ ಹಾಡು 'ಲೈಫ್ಸ್ ಗ್ರೇಟೆಸ್ಟ್ ಫೂಲ್' ಕೇಳಿದ್ರೆ ಇದು ಸಾಧಾರಣ ಕಂಟ್ರಿ ರಾಕ್ ಅನ್ಸುತ್ತೆ, ಆರಾಮಾಗಿ ಶುರುವಾಗುತ್ತೆ, ಆಮೇಲೆ ಹಿಂದಿನಿಂದ ಚರ್ಚಿನ ಗಾಸ್ಪೆಲ್ ಥರ ಕೋರಸ್ ಎದ್ದು ಬಂದು ಆ ಸಣ್ಣ ಹಾಡನ್ನ ಎತ್ತಿ ಹಿಡಿಯುತ್ತೆ. ಮೂರನೇದು, ಆಲ್ಬಮ್ ಹೆಸರಿನದ್ದೇ ಹಾಡು, ಇನ್ನೊಂದು ಲೋಕ. ಬೇಸ್‌ಗೆ ಫಜ್ ಹಾಕಿ ಗೊರಗೊರ ಅನ್ನಿಸಿದಾರೆ, ತಾಳ ನೆಲಕ್ಕೆ ಅಂಟಿಕೊಂಡು ಹೋಗುತ್ತೆ, ಕಂಟ್ರಿ ಹಾಡೋ ಮನುಷ್ಯ ಫಂಕ್ ಒಳಗೆ ಇಳಿದು ಅಲ್ಲೇ ಹುಟ್ಟಿದವನ ಹಾಗೆ ಹಾಡ್ತಾನೆ.

ಅದಾದ್ಮೇಲೆ 'ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್'. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಕ್ಷಮಿಸಿ. ಮಾತು ಶುರುವಾಗೋಕೆ ಮುಂಚೆ ಬರೀ ದನಿ, ಪದ ಇಲ್ಲ, ದೊಡ್ಡ ನಿಧಾನದ ಡ್ರಮ್ಸ್, ಪಿಯಾನೋ, ಎಲ್ಲಾ ಸೇರಿ ಬೆಟ್ಟ ಹತ್ತಿದ ಹಾಗೆ ಮೇಲೆ ಹೋಗ್ತಾ ಇರುತ್ತೆ, ಕೇಳೋರಿಗೆ ಹಾಡು ಶುರುವಾಗಿದೆಯಾ ಇಲ್ವಾ ಅಂತಾನೇ ಗೊತ್ತಾಗಲ್ಲ. ಆಮೇಲೆ ಅವನು ಹಾಡೋದು ಸಂಗೀತದ ಬಗ್ಗೆನೇ, ಸಂಗೀತ ತನ್ನನ್ನ ಹೇಗೆ ಅಲ್ಲಾಡಿಸುತ್ತೆ ಅನ್ನೋದನ್ನ. ಸಂಗೀತದ ಬಗ್ಗೆ ಹಾಡು ಬರೆದ್ರೆ ಸಾಮಾನ್ಯವಾಗಿ ಪೇಲವ ಆಗುತ್ತೆ, ಇದು ಆಗಿಲ್ಲ, ಯಾಕಂದ್ರೆ ಪದ ಬರೋ ಹೊತ್ತಿಗೆ ಹೇಳಬೇಕಾದ್ದನ್ನ ದನಿಯೇ ಹೇಳಿ ಆಗಿರುತ್ತೆ.

ಆಗ 'ಇದು ಅತಿಯಾಯ್ತು' ಅಂತ ದೂರಿದ್ರು. ಪದರದ ಮೇಲೆ ಪದರ, ಅಷ್ಟೊಂದು ಕೋರಸ್, ಕವರ್ ಮೇಲೆ 1920ರ ದಶಕದ ಹಾಲಿವುಡ್ ಥರದ ಕೊಲಾಜ್, ಹಿಂದುಗಡೆ ಮುಖಕ್ಕೆ ಮೇಕಪ್ ಬಳ್ಕೊಂಡು ದೊಗಳೆ ಪ್ಯಾಂಟ್ ಹಾಕಿ ನಿಂತ ಕ್ಲಾರ್ಕ್. ನಾನೂ ಮೊದಲ ಸಲ ಕೇಳಿದಾಗ ಹಾಗೇ ಅಂದ್ಕೊಂಡೆ, ಅರ್ಧಕ್ಕೆ ನಿಲ್ಲಿಸಿದ್ದೆ. ಅಭಿಪ್ರಾಯ ಬದಲಾಗಿದ್ದು 2019ರ ಮರುಬಿಡುಗಡೆ ಕೇಳಿದ್ಮೇಲೆ. 4ಎಡಿ ಕಂಪನಿ ಅದರ ಜೊತೆ ಸ್ಟುಡಿಯೋದ ಬೇರೆ ಟೇಕ್‌ಗಳನ್ನೂ ಕೊಟ್ಟಿತು, ಪದರಗಳು ಕೂರೋಕೆ ಮುಂಚಿನ ಹಾಡುಗಳು. ಆ ಬೋಳು ಟೇಕ್‌ಗಳೂ ಚೆನ್ನಾಗಿವೆ, ಹಾಡುಗಳು ತಮ್ಮ ಕಾಲ ಮೇಲೆ ನಿಲ್ತವೆ. ಆದ್ರೆ ಅದನ್ನ ಕೇಳಿ ವಾಪಸ್ ಮೂಲ ಆಲ್ಬಮ್‌ಗೆ ಬಂದಾಗ ಗೊತ್ತಾಯ್ತು, ಆ ಕೋರಸ್, ಆ ಗದ್ದಲ ಎಲ್ಲಾ ಇರೋದು ಮಧ್ಯದಲ್ಲಿರೋ ದನಿ ಎಷ್ಟು ಒಂಟಿ ಅಂತ ಕೇಳ್ಸೋಕೆ. ಸುತ್ತ ಜಾತ್ರೆ ನಡೀತಿರುವಾಗ ಒಬ್ಬ ಸುಮ್ನೆ ನಿಂತು ತನ್ನಷ್ಟಕ್ಕೆ ಪ್ರಶ್ನೆ ಕೇಳ್ಕೊಂಡ ಹಾಗೆ. ಅದನ್ನ ತೆಗೆದುಹಾಕಿದ್ರೆ ಒಳ್ಳೇ ಜಾನಪದ ರಾಕ್ ಆಲ್ಬಮ್ ಒಂದು ಉಳಿಯುತ್ತೆ, 'ನೋ ಅದರ್' ಉಳಿಯಲ್ಲ.

ಪೂರ್ತಿ ಯಾರೂ ಕೇಳೇ ಇಲ್ಲ ಅಂತಲ್ಲ. ಅದೇ 4ಎಡಿಯ 'ದಿಸ್ ಮಾರ್ಟಲ್ ಕಾಯ್ಲ್' ಅನ್ನೋ ತಂಡ 1986ರಲ್ಲೇ 'ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್' ಹಾಡಿತ್ತು. 2014ರಲ್ಲಿ 'ಬೀಚ್ ಹೌಸ್' ಬ್ಯಾಂಡಿನವರು 'ಫ್ಲೀಟ್ ಫಾಕ್ಸಸ್' ಬ್ಯಾಂಡಿನ ರಾಬಿನ್ ಪೆಕ್‌ನೋಲ್ಡ್ ಮುಂತಾದ ಗೆಳೆಯರನ್ನ ಕಟ್ಕೊಂಡು ಇಡೀ ಆಲ್ಬಮ್ಮನ್ನ ಹಾಡು ಹಾಡೂ ಬಿಡದೆ ವೇದಿಕೆ ಮೇಲೆ ನುಡಿಸಿದ್ರು. ಸಂಗೀತ ಮಾಡೋರಿಗೆ ಯಾವಾಗಲೂ ಗೊತ್ತಿತ್ತು, ಗೊತ್ತಾಗದೆ ಉಳಿದಿರೋದು ನಮ್ಮಂಥ ಕೇಳುಗರಿಗೆ.

ಎಲ್ಲಾ ಹಾಡೂ ಒಂದೇ ಎತ್ತರದಲ್ಲಿಲ್ಲ, 'ದ ಟ್ರೂ ಒನ್' ನನಗೆ ಸಾಧಾರಣ ಅನ್ಸುತ್ತೆ, ಅಲ್ಲೊಂದು ಉಸಿರು ಬಿಡೋಕೆ ಇಟ್ಟಂಗಿದೆ. ಆದ್ರೆ ಅದಕ್ಕೆ ಮುಂಚಿನ ಹಾಡೇ 'ಸಮ್ ಮಿಸ್‌ಅಂಡರ್‌ಸ್ಟಾಂಡಿಂಗ್', ಎಂಟು ನಿಮಿಷ ಮೀರಿದ ಹಾಡು, ಎಲ್ಲೂ ಅವಸರ ಇಲ್ಲ, ಬದುಕು ಯಾಕೆ ತಪ್ಪಾಗಿ ಅರ್ಥ ಆಗುತ್ತೆ ಅಂತ ಕೇಳ್ತಾ ಗಿಟಾರ್‌ಗೆ ದಾರಿ ಬಿಟ್ಟುಕೊಡೋ ಹಾಡು.

ಕೇಳೋದಾದ್ರೆ ಶಫಲ್ ಆಫ್ ಮಾಡಿ, ನಾಲ್ಕು ಹಾಡಿನ ಮೊದಲ ಸೈಡ್ ಮುಗಿದ ಮೇಲೆ ಎರಡು ನಿಮಿಷ ನಿಲ್ಲಿಸಿ, ಆಮೇಲೆ ಉಳಿದ ನಾಲ್ಕು. ಮೊದಲ ಸಲ ಹಿಡಿಸದಿದ್ರೆ ಒಂದು ವಾರ ಬಿಟ್ಟು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಇನ್ನೊಂದು ಸಲ ಕೇಳಿ. ಕೊನೆಯ 'ಲೇಡಿ ಆಫ್ ದ ನಾರ್ತ್'ನಲ್ಲಿ ರಿಚರ್ಡ್ ಗ್ರೀನ್ ಪಿಟೀಲು ಬರುತ್ತಲ್ಲ, ಅಲ್ಲಿವರೆಗೂ ಎದ್ದು ಹೋಗ್ಬೇಡಿ.